ಹದಿನಾಲ್ಕು ಸಲ ರೋಲರ್ ಓಡಿಸಿದರೂ ಗರಸು ಶೇ. 91ರಲ್ಲೇ ನಿಂತಿದೆ, ಏನು ಮಾಡಲಿ?

ಪ್ರಶ್ನೆ – ಸೈಟ್ ಸೂಪರ್‌ವೈಸರ್, ಅಣ್ಣಿಗೇರಿ

ಗೋಡೌನ್ ನೆಲಕ್ಕೆ ಗರಸು ತುಂಬುತ್ತಿದ್ದೇವೆ. ಜಾಗ 30 ಮೀಟರ್‌ಗೆ 20 ಮೀಟರ್. 25 ಸೆಂ.ಮೀ. ಸಡಿಲ ಪದರ ಹರಡಿ, ಒಂದು ಟ್ಯಾಂಕರ್ (5000 ಲೀಟರ್) ನೀರು ಹೊಡೆದು, 11 ಟನ್ ವೈಬ್ರೇಟರಿ ರೋಲರ್ 14 ಸಲ ಓಡಿಸಿದ್ದೇವೆ. ನೆಲ ಕಲ್ಲಿನ ಹಾಗೆ ಆಗಿದೆ, ಟಿಪ್ಪರ್ ಹೋದರೂ ಗೆರೆ ಬೀಳುವುದಿಲ್ಲ. ಆದರೂ ಕನ್ಸಲ್ಟಂಟ್ ಲ್ಯಾಬ್‌ನ ಗರಿಷ್ಠ ಸಾಂದ್ರತೆಯ ಶೇ. 91 ಮಾತ್ರ ಅಂತ ಬರೆದು ಪದರ ತಿರಸ್ಕರಿಸಿದ್ದಾರೆ. ಬೇಕಿರುವುದು 95. ಲ್ಯಾಬ್ ರಿಪೋರ್ಟ್‌ನಲ್ಲಿ ಗರಿಷ್ಠ ಒಣ ಸಾಂದ್ರತೆ 1.98, ಅದು ಸಿಗುವ ತೇವ ಶೇ. 11. ಸೈಟ್‌ನಲ್ಲಿ ಗುಂಡಿ ತೋಡಿ ಮರಳು ತುಂಬಿ ಅಳೆಯುವ ಟೆಸ್ಟ್ ಮಾಡಿದಾಗ ಗುಂಡಿಯಿಂದ ತೆಗೆದ ಹಸಿ ಮಣ್ಣು 3.33 ಕೆಜಿ, ಗುಂಡಿಗೆ ಹಿಡಿದ ಮರಳು 2.52 ಕೆಜಿ, ಮರಳಿನ ಸಾಂದ್ರತೆ 1.45, ಮಣ್ಣಿನ ತೇವ ಶೇ. 6.5. ಇನ್ನೂ ಆರು ಸಲ ಓಡಿಸಿದರೆ ಆಗುತ್ತಾ?

ಗುತ್ತಿಗೆದಾರರು, ಗದಗ

ಹನ್ನೊಂದು ಟನ್ ಸಾಲಲ್ಲ ಅಣ್ಣಾ. ಪ್ಯಾಡ್‌ಫೂಟ್ ರೋಲರ್ ತರಿಸಿ. ನಮ್ಮ ರಸ್ತೆ ಕೆಲಸದಲ್ಲಿ ಪ್ಯಾಡ್‌ಫೂಟ್ ಹಾಕಿದ ಮೇಲೆ ಒಂದು ಟೆಸ್ಟೂ ಫೇಲ್ ಆಗಿಲ್ಲ. ಭಾರ ಜಾಸ್ತಿ ಇದ್ದರೆ ನೀರು ಕಡಿಮೆ ಇದ್ದರೂ ನಡೆಯುತ್ತದೆ.

ಮಣ್ಣು ಪರೀಕ್ಷೆ ಇಂಜಿನಿಯರ್, ಧಾರವಾಡ

ಆರು ಸಲ ಅಲ್ಲ, ಇಪ್ಪತ್ತು ಸಲ ಓಡಿಸಿದರೂ ಆಗುವುದಿಲ್ಲ. ರೋಲರ್ ಬಾಡಿಗೆ ಉಳಿಸಿ, ಆ ದುಡ್ಡಲ್ಲಿ ನೀರು ತರಿಸಿ.

ನಿಮ್ಮ ಅಂಕಿ ಮೊದಲು ನೋಡೋಣ. 2.52 ಕೆಜಿ ಮರಳನ್ನು 1.45ರಿಂದ ಭಾಗಿಸಿದರೆ ಗುಂಡಿ 1738 ಸಿಸಿ. 3330 ಗ್ರಾಂ ಮಣ್ಣಿಗೆ ಹಸಿ ಸಾಂದ್ರತೆ 1.916. ಅದನ್ನು 1.065ರಿಂದ ಭಾಗಿಸಿದರೆ ಒಣ ಸಾಂದ್ರತೆ 1.80. 1.98ಕ್ಕೆ ಹೋಲಿಸಿದರೆ ಶೇ. 91 ಸರಿಯಾಗಿ ಬರುತ್ತದೆ. ಕನ್ಸಲ್ಟಂಟ್ ಲೆಕ್ಕ ತಪ್ಪಿಲ್ಲ.

ಈಗ ನೀರಿನ ಲೆಕ್ಕ. ಇದನ್ನು ಸೈಟ್‌ನಲ್ಲಿ ಯಾರೂ ಹಾಕುವುದಿಲ್ಲ, ಟ್ಯಾಂಕರ್ ಬಂತು, ಹೊಡೆದರು, ಮುಗೀತು ಅಷ್ಟೇ. 600 ಚದರ ಮೀಟರ್, ಕುಳಿತ ಮೇಲೆ 20 ಸೆಂ.ಮೀ. ಅಂದರೆ 120 ಘನ ಮೀಟರ್. ಶೇ. 95 ಅಂದರೆ ಒಣ ಸಾಂದ್ರತೆ 1.88. ಆ ಪದರದಲ್ಲಿ ಸುಮಾರು 225 ಟನ್ ಒಣ ಮಣ್ಣಿದೆ. ಶೇ. 1 ತೇವ ಏರಿಸಲು 2250 ಲೀಟರ್ ಬೇಕು. ನೀವು ಹೊಡೆದ ಒಂದು ಟ್ಯಾಂಕರ್ ಹೆಚ್ಚೆಂದರೆ ಶೇ. 2 ಏರಿಸಿದೆ. 6.5ರಿಂದ 11ಕ್ಕೆ ಇನ್ನೂ 4.5 ಬೇಕು, ಅಂದರೆ ಸುಮಾರು 10,000 ಲೀಟರ್. ಇನ್ನೂ ಎರಡು ಟ್ಯಾಂಕರ್ ಆಯಿತಲ್ಲ. ಏಪ್ರಿಲ್ ಬಿಸಿಲಲ್ಲಿ ಹಾರಿ ಹೋಗುವುದಕ್ಕೆ ಅರ್ಧ ಟ್ಯಾಂಕರ್ ಬೇರೆ ಇಟ್ಟುಕೊಳ್ಳಿ.

ಒಣ ಗರಸಿನಲ್ಲಿ ಕಣಕ್ಕೂ ಕಣಕ್ಕೂ ಘರ್ಷಣೆ ಜಾಸ್ತಿ. ಸಣ್ಣ ಸಣ್ಣ ಹೆಂಟೆ ಒಣಗಿ ಗಟ್ಟಿಯಾಗಿರುತ್ತವೆ. ರೋಲರ್ ಬಂದಾಗ ಅವು ಒಂದಕ್ಕೊಂದು ಆತು ನಿಲ್ಲುತ್ತವೆಯೇ ಹೊರತು, ಜಾರಿ ಖಾಲಿ ಜಾಗಕ್ಕೆ ಕೂರುವುದಿಲ್ಲ. ಅದಕ್ಕೇ ನೆಲ ಕಲ್ಲಿನ ಹಾಗೆ ಕಾಣುತ್ತದೆ, ಒಳಗೆ ಗಾಳಿ ಹಾಗೇ ಉಳಿದಿರುತ್ತದೆ. ಟಿಪ್ಪರ್ ಗೆರೆ ಬೀಳುತ್ತಿಲ್ಲ ಅನ್ನುವುದು ಗಟ್ಟಿತನದ ಸಾಕ್ಷಿ, ಸಾಂದ್ರತೆಯದಲ್ಲ. ಮಳೆಗಾಲದಲ್ಲಿ ನೀರು ಇಳಿದಾಗ ಆ ಹೆಂಟೆ ಮೆತ್ತಗಾಗಿ ಕೂರುತ್ತವೆ, ಮೇಲಿನ ಕಾಂಕ್ರೀಟ್ ನೆಲ ಬಿರುಕು ಬಿಡುತ್ತದೆ.

ಗದಗದ ಸರ್ ಹೇಳಿದ್ದರಲ್ಲಿ ಅರ್ಧ ನಿಜ. ಬಡಿತದ ಶಕ್ತಿ ಜಾಸ್ತಿಯಾದರೆ ಬೇಕಾದ ನೀರು ಸ್ವಲ್ಪ ಕಡಿಮೆಯಾಗುತ್ತದೆ. ಲ್ಯಾಬ್‌ನಲ್ಲಿ ಗರಿಷ್ಠ ಸಾಂದ್ರತೆ ಕಂಡುಹಿಡಿಯುವ ಪ್ರೊಕ್ಟರ್ ಟೆಸ್ಟ್‌ನಲ್ಲೂ 2.6 ಕೆಜಿ ಸುತ್ತಿಗೆ ಬಿಟ್ಟು 4.9 ಕೆಜಿಯದರಲ್ಲಿ ಬಡಿದರೆ ಸಾಂದ್ರತೆ ಏರುತ್ತದೆ, ತೇವ ಇಳಿಯುತ್ತದೆ. ಆದರೆ ಆ ಇಳಿಕೆ ಶೇ. 4.5 ಇರುವುದಿಲ್ಲ. ಇನ್ನು ಪ್ಯಾಡ್‌ಫೂಟ್ ಎರೆ ಮಣ್ಣಿಗೆ, ಜಿಗುಟು ಮಣ್ಣಿಗೆ ಒಳ್ಳೆಯದು. ಅದರ ಗುಬುಟುಗಳು ಹೆಂಟೆ ಒಡೆದು ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಬರುತ್ತವೆ. ಕಲ್ಲಿನ ಅಂಶ ಇರುವ ಗರಸಿಗೆ ನಿಮ್ಮ ಹತ್ತಿರ ಇರುವ ನುಣುಪು ಡ್ರಮ್ಮಿನ ವೈಬ್ರೇಟರಿಯೇ ಸರಿ. ಬದಲಾಯಿಸಬೇಡಿ.

ಆದರೆ ಈಗಿನ ಪದರದ ಮೇಲೆ ಸುಮ್ನೆ ಎರಡು ಟ್ಯಾಂಕರ್ ಸುರಿದರೆ ಮೇಲಿನ ಎರಡು ಇಂಚು ಕೆಸರಾಗುತ್ತದೆ, ಕೆಳಗೆ ಒಣಗೇ ಇರುತ್ತದೆ. ಟ್ರ್ಯಾಕ್ಟರಿಗೆ ಕಲ್ಟಿವೇಟರ್ ಕಟ್ಟಿ ಪೂರ್ತಿ ಆಳಕ್ಕೆ ಕೆದರಿಸಿ. ಸಂಜೆ ನೀರು ಹಾಕಿ, ತಿರುಗಿಸಿ, ಮತ್ತೆ ನೀರು ಹಾಕಿ ತಿರುಗಿಸಿ, ರಾತ್ರಿ ನೆನೆಯಲು ಬಿಡಿ. ಬೆಳಗ್ಗೆ ಎರಡು ಮೂರು ಕಡೆ ಮೇಲಿಂದಲೂ ತಳದಿಂದಲೂ ಮಣ್ಣು ತೆಗೆದು ತೇವ ನೋಡಿ. 9ರಿಂದ 12ರ ಒಳಗೆ ಇದ್ದರೆ ರೋಲರ್ ಇಳಿಸಿ. ಮುಂದಿನ ಪದರಗಳಿಗೆ ಕ್ವಾರಿಯಲ್ಲೇ ಹಿಂದಿನ ದಿನ ನೀರು ಕಟ್ಟಿ ನೆನೆಸಿ ತಂದರೆ ಈ ಕಷ್ಟ ಅರ್ಧ ಕಡಿಮೆ.

ಇನ್ನೊಂದು ಮಾತು. ಗುಂಡಿ 1738 ಸಿಸಿ ಬಂತಲ್ಲ. 15 ಸೆಂ.ಮೀ. ಅಗಲದ ತೂತಿರುವ ತಟ್ಟೆ ಇಟ್ಟು ತೋಡಿದ್ದರೆ ಆಳ ಹತ್ತು ಸೆಂ.ಮೀ. ಕೂಡ ಆಗಿಲ್ಲ. ಅಂದರೆ ಪದರದ ಮೇಲಿನ ಅರ್ಧವನ್ನು ಮಾತ್ರ ನೋಡಿದ್ದೀರಿ. ಕೆಳಗಿನ ಅರ್ಧ 91 ಕೂಡ ಇರಲಿಕ್ಕಿಲ್ಲ.

ರೋಲರ್ ಆಪರೇಟರ್, ಹಾವೇರಿ

ಮೇಡಂ ಹೇಳಿದ್ದು ಖರೆ. ನಮಗೆ ಸೀಟಿನಲ್ಲೇ ಗೊತ್ತಾಗುತ್ತದೆ ರೀ. ಮಣ್ಣು ಒಣ ಇದ್ದಾಗ ಡ್ರಮ್ ಕುಣಿಯುತ್ತದೆ, ಹಲ್ಲು ಕಟಕಟ ಅನ್ನುತ್ತದೆ. ಆಗ ವೈಬ್ರೇಶನ್ ಬಂದ್ ಮಾಡಬೇಕು, ಇಲ್ಲಾಂದ್ರೆ ಕಲ್ಲು ಪುಡಿಯಾಗುತ್ತದೆ, ಮೇಲೆ ಹುಡಿ ಏಳುತ್ತದೆ. ನೀರು ಜಾಸ್ತಿ ಆಗಿದ್ದರೆ ಡ್ರಮ್ಮಿನ ಮುಂದೆ ನೆಲ ಅಲೆ ಅಲೆಯಾಗಿ ಏಳುತ್ತದೆ. ಆಗ ಎಷ್ಟು ಓಡಿಸಿದರೂ ವ್ಯರ್ಥ, ಒಂದು ದಿನ ಒಣಗಲು ಬಿಡಬೇಕು. ನಾನು ಮೊದಲ ಸುತ್ತು ವೈಬ್ರೇಶನ್ ಇಲ್ಲದೆ, ಆಮೇಲೆ ವೈಬ್ರೇಶನ್ ಹಾಕಿ ನಡೆಯುವ ವೇಗದಲ್ಲಿ, ಕೊನೆಯ ಸುತ್ತು ಮತ್ತೆ ಬಂದ್ ಮಾಡಿ ಹೋಗುತ್ತೇನೆ. ಅಂದಹಾಗೆ ನೀವು ಮರಳಿನ ಟೆಸ್ಟ್ ಮಾಡುವಾಗ ಪಕ್ಕದಲ್ಲಿ ರೋಲರ್ ಓಡುತ್ತಿತ್ತಾ? ಒಂದು ಸೈಟಿನಲ್ಲಿ ಇಂಜಿನಿಯರ್ ನಮ್ಮನ್ನು ಬೈದು ನಿಲ್ಲಿಸಿದ್ದರು.

ಮಣ್ಣು ಪರೀಕ್ಷೆ ಇಂಜಿನಿಯರ್, ಧಾರವಾಡ

ನಿಲ್ಲಿಸಿದ್ದು ಸರಿಯೇ. ಪಕ್ಕದಲ್ಲಿ ರೋಲರ್ ನಡುಗಿಸಿದರೆ ಗುಂಡಿಯೊಳಗಿನ ಮರಳು ಒತ್ತಾಗಿ ಕೂರುತ್ತದೆ, ಹೆಚ್ಚು ಮರಳು ಹಿಡಿಯುತ್ತದೆ. ಗುಂಡಿ ದೊಡ್ಡದು ಅಂತ ಲೆಕ್ಕ ಬರುತ್ತದೆ, ಸಾಂದ್ರತೆ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಮರಳು ಒಣಗಿರಬೇಕು, ಸಾಂದ್ರತೆಯನ್ನು ಆಗಾಗ ಮತ್ತೆ ನೋಡುತ್ತಿರಬೇಕು. ಹಳೆಯ ಗುಂಡಿಯಿಂದ ಬಾಚಿದ ಮರಳನ್ನು ಜರಡಿ ಹಿಡಿಯದೆ ಮತ್ತೆ ಬಳಸಿದರೂ 1.45 ಅನ್ನುವುದು ಸುಳ್ಳಾಗುತ್ತದೆ.

ಮನೆ ಕಟ್ಟಿಸುತ್ತಿರುವವರು, ನವಲಗುಂದ

ನಮ್ಮದೂ ಇದೇ ಸಮಸ್ಯೆ ಮೇಡಂ. ಪಾಯ ತೋಡಿದ ಎರೆ ಮಣ್ಣನ್ನೇ ಪ್ಲಿಂತ್ ಒಳಗೆ ತುಂಬಿದ್ದೇವೆ. ಮೇಸ್ತ್ರಿ ಮೂರು ದಿನ ನೀರು ಕಟ್ಟಿ ನಿಲ್ಲಿಸಿದರೆ ತಾನೇ ಕೂರುತ್ತದೆ ಅಂತಾರೆ. ಹಾಗಾದರೆ ನೀರು ಜಾಸ್ತಿ ಇದ್ದಷ್ಟೂ ಒಳ್ಳೆಯದು ತಾನೆ?

ಮಣ್ಣು ಪರೀಕ್ಷೆ ಇಂಜಿನಿಯರ್, ಧಾರವಾಡ

ನಿಮ್ಮದು ಬೇರೆ ಸಮಸ್ಯೆ. ನೀರು ಕಟ್ಟಿ ಕೂರಿಸುವುದು ಮರಳಿಗೆ ನಡೆಯುತ್ತದೆ, ನೀರು ಬೇಗ ಇಳಿದು ಹೋಗುತ್ತದೆ ಅಂತ. ಎರೆ ಮಣ್ಣಿನಲ್ಲಿ ನೀರು ಇಳಿಯುವುದೇ ಇಲ್ಲ. ಅದು ಉಬ್ಬಿ ಕೆಸರಾಗುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದನ್ನು ಒಣಗಿಸಿ ಚೆನ್ನಾಗಿ ಬಡಿದರೆ ಇನ್ನೂ ಕೆಟ್ಟದ್ದು, ನೀರು ಸಿಕ್ಕ ದಿನ ಹೆಚ್ಚು ಉಬ್ಬುತ್ತದೆ. ರಸ್ತೆ ಕೆಲಸದ ಕೇಂದ್ರ ಸಚಿವಾಲಯದ ನಿಯಮದಲ್ಲೂ ಉಬ್ಬುವ ಮಣ್ಣನ್ನು ಮೇಲಿನ ಪದರಕ್ಕೆ ಹಾಕಲು ಬಿಡುವುದಿಲ್ಲ. ಕೆಳಗಿನ ಏರಿಗೆ ಹಾಕುವುದಾದರೆ ಗರಿಷ್ಠ ಸಾಂದ್ರತೆ ಸಿಗುವ ತೇವಕ್ಕಿಂತ ಸ್ವಲ್ಪ ಹಸಿಯಾಗಿ ಒತ್ತಬೇಕು ಅನ್ನುತ್ತದೆ. ಗರಸಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಮನೆ ನೆಲದ ಕೆಳಗೆ ಅದು ಬೇಡವೇ ಬೇಡ. ತೆಗೆಸಿ ಗರಸು ಹಾಕಿಸಿ, 15 ಸೆಂ.ಮೀ. ಪದರದಲ್ಲಿ ಪ್ಲೇಟ್ ಕಂಪ್ಯಾಕ್ಟರ್ ಹಿಡಿಸಿ. ಮೇಸ್ತ್ರಿ ಸಿಟ್ಟಾದರೆ ಆಗಲಿ.

ಸೈಟ್ ಸೂಪರ್‌ವೈಸರ್, ಅಣ್ಣಿಗೇರಿ

ಮೇಡಂ, ನೀವು ಹೇಳಿದ ಹಾಗೆ ಕೆದರಿಸಿ, ನೆನೆಸಿ, ಒಂದು ಮೂಲೆಯ ಪಟ್ಟಿಯಷ್ಟು ಜಾಗದಲ್ಲಿ ಮಾಡಿ ನೋಡಿದೆವು. ತೇವ 10.4 ಸಿಕ್ಕಿತು. ಈ ಸಲ ಪದರದ ತಳದವರೆಗೆ ಗುಂಡಿ ತೋಡಿದೆವು. ನಾಲ್ಕು ಸಲ ಓಡಿಸಿದಾಗ 92, ಆರಕ್ಕೆ 95, ಎಂಟಕ್ಕೆ 96, ಹತ್ತಕ್ಕೂ 96. ಇನ್ನೂ ಎರಡು ಸಂಶಯ ಇವೆ. ಇದರ ಕೆಳಗಿನ ಪದರವನ್ನೂ ಹಳೇ ರೀತಿಯಲ್ಲೇ ಮಾಡಿದ್ದೇವೆ, ಅದಕ್ಕೆ ಟೆಸ್ಟೇ ಆಗಿಲ್ಲ. ಮತ್ತೆ ಮುಂದಿನ ಗರಸು ಬೇರೆ ಕ್ವಾರಿಯಿಂದ ಬರುತ್ತದೆ, ಅದರಲ್ಲಿ ಕಲ್ಲು ಜಾಸ್ತಿ.

ಮಣ್ಣು ಪರೀಕ್ಷೆ ಇಂಜಿನಿಯರ್, ಧಾರವಾಡ

ಎಂಟು ಸಲ ಇಟ್ಟುಕೊಳ್ಳಿ. ಹತ್ತಕ್ಕೆ ಏರುತ್ತಿಲ್ಲ ಅಂದರೆ ಅಲ್ಲಿಗೆ ಸಾಕು.

ಹೊಸ ಕ್ವಾರಿ ಅಂದರೆ ಹೊಸ ಪ್ರೊಕ್ಟರ್ ಟೆಸ್ಟ್. ಹಳೆಯ 1.98 ಇದಕ್ಕೆ ಲೆಕ್ಕಕ್ಕಿಲ್ಲ. ಮಾದರಿ ಲ್ಯಾಬಿಗೆ ಕಳಿಸುವ ಮುಂಚೆ ಜರಡಿ ಹಿಡಿದು ಕಲ್ಲು ಎಷ್ಟಿದೆ ಅಂತ ತೂಕ ಬರೆಸಿ. ಸಣ್ಣ ಅಚ್ಚಿನಲ್ಲಿ 20 ಮಿ.ಮೀ. ದಾಟಿದ ಕಲ್ಲು ತೆಗೆದೇ ಬಡಿಯುತ್ತಾರೆ, ಆದರೆ ನಿಮ್ಮ ಗುಂಡಿಯಲ್ಲಿ ಆ ಕಲ್ಲು ಇರುತ್ತದೆ. ಕಲ್ಲಿನ ತೂಕ ಜಾಸ್ತಿ, ಹಾಗಾಗಿ ಗುಂಡಿಯ ಸಾಂದ್ರತೆ ಸುಮ್ನೆ ಏರಿ ಕಾಣುತ್ತದೆ. ಶೇ. 100 ದಾಟಿ ಬಂದರೆ ಖುಷಿ ಪಡಬೇಡಿ, ಮೊದಲು ಕಲ್ಲಿನ ತಿದ್ದುಪಡಿ ಮಾಡಿದ್ದಾರಾ ಅಂತ ಕೇಳಿ.

ಗುತ್ತಿಗೆದಾರರು, ಗದಗ

ಕೆಳಗಿನ ಪದರ ಬಿಡಿ ಮೇಡಂ. ಮೇಲೆ ವೈಬ್ರೇಟರಿ ಎಂಟು ಸಲ ಓಡುತ್ತದಲ್ಲ, ಅದೂ ಒತ್ತಿಕೊಳ್ಳುತ್ತದೆ.

ಮಣ್ಣು ಪರೀಕ್ಷೆ ಇಂಜಿನಿಯರ್, ಧಾರವಾಡ

ಒಣಗಿದ್ದು ಮೇಲಿಂದ ಒತ್ತಿದರೂ ಒಣಗೇ ಇರುತ್ತದೆ ಸರ್, ಮೊದಲು ಹೇಳಿದ ಕಾರಣವೇ. ನಾನಾಗಿದ್ದರೆ ಮೇಲಿನ ಪದರ ಕೆದರಿದ ಜಾಗದಲ್ಲೇ ನಾಲ್ಕೈದು ಕಡೆ ಕೆಳಗಿನ ಪದರಕ್ಕೂ ಗುಂಡಿ ತೋಡಿ ನೋಡುತ್ತಿದ್ದೆ. 93, 94 ಬಂದರೆ ಕನ್ಸಲ್ಟಂಟ್ ಜೊತೆ ಕೂತು ಮಾತಾಡಬಹುದು, ನೆಲದ ಮೇಲೆ ಬರುವ ಭಾರ ಎಷ್ಟು ಅನ್ನುವುದರ ಮೇಲೆ ಅವರು ಹೇಳಬೇಕು. 90 ಬಂದರೆ ಅದನ್ನೂ ಕೆದರಲೇಬೇಕು.

ಸೈಟ್ ಸೂಪರ್‌ವೈಸರ್, ಅಣ್ಣಿಗೇರಿ

ನಾಳೆ ಗುಂಡಿ ತೋಡಿಸುತ್ತೇನೆ. ನೀರಿನ ಹೆಚ್ಚುವರಿ ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಅಂತ ಮಾಲೀಕರೂ ನಮ್ಮ ಕಂಟ್ರಾಕ್ಟರೂ ಇನ್ನೂ ಜಗಳ ಆಡುತ್ತಿದ್ದಾರೆ. ಟೆಂಡರಿನಲ್ಲಿ "ನೀರು ಸೇರಿ" ಅಂತ ಇದೆ, ಎಷ್ಟು ಅಂತ ಬರೆದಿಲ್ಲ.