ಅಪ್‌ಡೇಟ್: 23ನೇ ದಿನ ಮಿಕ್ಸಿ ವಾಪಸ್ ತಂದ ಅಕ್ಕನ ವಿಷಯ

ನಾನು ಕೇಳಿದ್ದು: "ಬದಿಯಡ್ಕದಲ್ಲಿ ನಮ್ಮ ಅಂಗಡಿ. ವಾಪಸಿಗೆ 7 ದಿನ ಅಂತ ಬಿಲ್ಲಲ್ಲೇ ಇದೆ. ಮಿಕ್ಸಿ ಜಾರ್ ಸೋರುತ್ತದೆ ಅಂತ 23ನೇ ದಿನ ಬಂದವರಿಗೆ ಇಲ್ಲ ಅನ್ನುವುದು ಹೇಗೆ?"

ಅಪ್‌ಡೇಟ್: ಮೊದಲೇ ಹೇಳಿಬಿಟ್ಟೆ. "ಅಕ್ಕಾ, ದಿನ ದಾಟಿದೆ, ವಾಪಸ್ ಆಗುವುದಿಲ್ಲ. ಆದರೆ ವಾರಂಟಿ ಇದೆ, ಜಾರ್ ತನ್ನಿ, ನೋಡುವ." ಕೇಳಿ ಹೇಳ್ತೇನೆ ಅಂದಿದ್ದರೆ ಅವರು ಸುಮ್ನೆ ಆಸೆ ಇಟ್ಟುಕೊಂಡು ಇನ್ನೆರಡು ಸಲ ಬಸ್ಸು ಹತ್ತಿ ಬರಬೇಕಿತ್ತು ಅಲ್ವಾ. ಜಾರಿಗೆ ನೀರು ತುಂಬಿಸಿ ಪೇಪರ್ ಮೇಲೆ ಹತ್ತು ನಿಮಿಷ ಇಟ್ಟೆವು. ಸರಿಯಾಗಿ ಬ್ಲೇಡಿನ ಕೆಳಗೆ ಒದ್ದೆ. ಅಂದರೆ ಬುಷ್ ಸೋರುತ್ತಿದೆ, ಇದು ಮೋಟಾರಿನ ತೊಂದರೆ ಅಲ್ಲ. ಬಿಲ್ಲಿನ ಫೋಟೋ ಕಳಿಸಿ ಕಂಪನಿಗೆ ನಾನೇ ದೂರು ಕೊಟ್ಟೆ, ಆ ನಂಬರನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟೆ. ಅಷ್ಟು ದಿನ ಚಟ್ನಿಗೆ ಅಂಗಡಿಯ ಜಾರ್ ಕೊಟ್ಟಿದ್ದೆ. ನಿನ್ನೆ ಹೊಸ ಜಾರ್ ಬಂತು.