14ರ ಗಡುವು 13ಕ್ಕೇ ಮೀರಿತೇ? ಟ್ರ್ಯಾಕರ್, ತಾರೀಖು, ಟೈಮ್ ಝೋನ್

ಕೇಳಿದ್ದು

"ಟಾಸ್ಕ್‌ಗೆ ಮಾರ್ಚ್ 14, 2025 ಅಂತ ಗಡುವು ಹಾಕಿದ್ದೇನೆ, ಗಂಟೆ ಹಾಕಿಲ್ಲ. ನ್ಯೂಯಾರ್ಕ್‌ನಲ್ಲಿರುವ ಸಹೋದ್ಯೋಗಿಗೆ ಅದೇ ಟಾಸ್ಕ್ ಮಾರ್ಚ್ 13 ಅಂತ ಕಾಣುತ್ತದೆ, 13ರ ರಾತ್ರಿಯೇ 'ಗಡುವು ಮೀರಿದೆ' ಅಂತ ಕೆಂಪಾಗುತ್ತದೆ. ನನ್ನ ಪರದೆಯಲ್ಲಿ ತಾರೀಖು ಸರಿ ಇದೆ, ಆದರೆ 14ರ ಬೆಳಗ್ಗೆ ಕೆಲಸ ಶುರುವಾಗುವ ಮೊದಲೇ ಕೆಂಪು. ಟ್ರ್ಯಾಕರ್ ನಮ್ಮ ತಂಡವೇ ಬರೆದದ್ದು. ಇದನ್ನು ಸರಿಪಡಿಸಿದವರು ಇದ್ದರೆ ದಯವಿಟ್ಟು ಹೇಳಿ."

ಬೆಳ್ಳಿಚುಕ್ಕಿ

ಮೊದಲು ಒಂದು ವಿಷಯ ನೋಡಿ ಹೇಳಿ: ನಿಮ್ಮಲ್ಲಿ ಬೆಳಗ್ಗೆ ಸರಿಯಾಗಿ ಎಷ್ಟು ಗಂಟೆಗೆ ಕೆಂಪಾಗುತ್ತದೆ? ಈ ತೊಂದರೆಯಲ್ಲಿ ಕೋಡ್ ಓದುವುದಕ್ಕಿಂತ ಆ ಗಂಟೆಯೇ ಹೆಚ್ಚು ಹೇಳುತ್ತದೆ. ನಡುರಾತ್ರಿ 12ಕ್ಕೆ ಆದರೆ ಕಾರಣ ಒಂದು, ಬೇರೆ ಯಾವುದೋ ವಿಚಿತ್ರ ಹೊತ್ತಿಗೆ ಆದರೆ ಕಾರಣ ಇನ್ನೊಂದು.

ದಾರಿಹೋಕ

ಇದಕ್ಕೆ ಪರಿಹಾರ ಸುಲಭ. ಎಲ್ಲವನ್ನೂ ಯುಟಿಸಿಯಲ್ಲೇ ಉಳಿಸಿ, ತೋರಿಸುವಾಗ ಮಾತ್ರ ಬಳಕೆದಾರರ ಝೋನ್‌ಗೆ ಬದಲಿಸಿ. ಟೈಮ್ ಝೋನ್ ವಿಷಯದಲ್ಲಿ ಇದೊಂದೇ ನಿಯಮ, ಎಲ್ಲ ಕಡೆ ಇದೇ ನಡೆಯುತ್ತದೆ.

ಕೇಳಿದವರು

ಇವತ್ತು ಕಾದು ಕೂತು ನೋಡಿದೆ. ಸರಿಯಾಗಿ 5:30ಕ್ಕೆ ಕೆಂಪಾಯಿತು. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ಸಹೋದ್ಯೋಗಿಗೆ 13ರ ರಾತ್ರಿ 8ಕ್ಕೆ ಆಗಿದೆಯಂತೆ.

ಬೆಳ್ಳಿಚುಕ್ಕಿ

ಹಾಗಾದರೆ ಕಾರಣ ಸಿಕ್ಕಿತು. ನಿಮ್ಮ 5:30, ಅವರ ರಾತ್ರಿ 8, ಎರಡೂ ಒಂದೇ ಕ್ಷಣ: ಯುಟಿಸಿಯಲ್ಲಿ ಮಾರ್ಚ್ 14 ಹುಟ್ಟುವ ಕ್ಷಣ. ನೀವು ಕೊಟ್ಟದ್ದು ಒಂದು ಇಡೀ ದಿನ. ಟ್ರ್ಯಾಕರ್ ಅದನ್ನು `2025-03-14T00:00:00Z` ಎಂಬ ಒಂದೇ ಕ್ಷಣವನ್ನಾಗಿ ಮಾಡಿಕೊಂಡಿದೆ. ಆ ಕ್ಷಣ ಕಳೆದ ಕೂಡಲೇ ಜಗತ್ತಿನ ಎಲ್ಲರ ಪರದೆಯಲ್ಲೂ ಗಡುವು ಮುಗಿಯಿತು. ಅಂದರೆ 14ನೇ ತಾರೀಖು ಮುಗಿದ ಮೇಲೆ ಕೆಂಪಾಗಬೇಕಾದದ್ದು, ಅದು ಶುರುವಾದಾಗಲೇ ಆಗುತ್ತಿದೆ.

ನ್ಯೂಯಾರ್ಕ್‌ನವರಿಗೆ ಇದರ ಮೇಲೆ ಇನ್ನೊಂದು ಪೆಟ್ಟು. 2025ರಲ್ಲಿ ಅಲ್ಲಿ ಮಾರ್ಚ್ 9ರಂದು ಗಡಿಯಾರ ಒಂದು ಗಂಟೆ ಮುಂದೆ ಹೋಯಿತು, ಹಾಗಾಗಿ 14ರ ಹೊತ್ತಿಗೆ ಅವರು ಯುಟಿಸಿಗಿಂತ ನಾಲ್ಕು ಗಂಟೆ ಹಿಂದೆ. ಯುಟಿಸಿಯ 14ರ ನಡುರಾತ್ರಿ ಅವರಿಗೆ ಇನ್ನೂ 13ರ ರಾತ್ರಿ 8. ಪರದೆ ಆ ಕ್ಷಣವನ್ನು ಅವರ ಝೋನ್‌ಗೆ ಬದಲಿಸಿ, ಗಂಟೆಯನ್ನು ಬಿಟ್ಟು ತಾರೀಖನ್ನಷ್ಟೇ ತೋರಿಸುತ್ತದೆ. ಉಳಿದದ್ದು 13. ಚಳಿಗಾಲದ ಗಡುವುಗಳಲ್ಲಿ ಇದೇ ಕೆಂಪು 7ಕ್ಕೇ ಬರುತ್ತದೆ.

ಅನುಮಾನ ಇದ್ದರೆ ಲಿನಕ್ಸ್ ಅಥವಾ ಮ್ಯಾಕ್ ಟರ್ಮಿನಲ್‌ನಲ್ಲಿ ಈ ಸಾಲು ಓಡಿಸಿ:

```
TZ=America/New_York node -e 'console.log(new Date("2025-03-14").toString())'
```

`Thu Mar 13 2025 20:00:00 GMT-0400` ಅಂತ ಬರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಬರೀ ತಾರೀಖಿನ ಪಠ್ಯ ಕೊಟ್ಟರೆ ಅದನ್ನು ಯುಟಿಸಿ ನಡುರಾತ್ರಿ ಎಂದು ಓದುತ್ತದೆ. ಅದೇ ಪಠ್ಯಕ್ಕೆ `T00:00:00` ಅಂತ ಗಂಟೆ ಸೇರಿಸಿ, ಝೋನ್ ಹೇಳದಿದ್ದರೆ ಸ್ಥಳೀಯ ನಡುರಾತ್ರಿ ಎಂದು ಓದುತ್ತದೆ. ಭಾಷೆಯ ನಿಯಮವೇ ಹಾಗಿದೆ, ಇದು ಬ್ರೌಸರ್ ತಪ್ಪಲ್ಲ.

ದಾರಿಹೋಕ ಅವರೇ, ನೀವು ಹೇಳಿದ ನಿಯಮ ಕ್ಷಣಗಳಿಗೆ ಸರಿ. ಕಾಮೆಂಟ್ ಬರೆದ ಹೊತ್ತು, ಟಾಸ್ಕ್ ಮುಚ್ಚಿದ ಹೊತ್ತು, ಸಭೆ ಶುರುವಾಗುವ ಹೊತ್ತು, ಇವೆಲ್ಲ ಯುಟಿಸಿಯಲ್ಲೇ ಇರಲಿ. ಗಂಟೆ ಇಲ್ಲದ ಗಡುವು ಮಾತ್ರ ಹುಟ್ಟುಹಬ್ಬದ ಹಾಗೆ. ಅದನ್ನು ಯಾವ ಝೋನ್‌ಗೂ ಬದಲಿಸಬಾರದು. ಈ ಟ್ರ್ಯಾಕರ್ ನಿಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ, ಅದರಿಂದಲೇ ತಾರೀಖು ಜಾರಿದೆ.

ದಾರಿಹೋಕ

ಒಪ್ಪಿದೆ, ಇದನ್ನು ಯೋಚಿಸಿರಲಿಲ್ಲ. ಆದರೆ ಕಾಲಂ ಬದಲಿಸದೆಯೇ ಒಂದು ದಾರಿ ಇದೆ. ನಡುರಾತ್ರಿಯ ಬದಲು ಮಧ್ಯಾಹ್ನ 12 ಯುಟಿಸಿ ಎಂದು ಉಳಿಸಿದರೆ? ಹನ್ನೆರಡು ಗಂಟೆ ಆಚೀಚೆ ಹೋದರೂ ತಾರೀಖು ಅದೇ ಇರುತ್ತದೆ.

ಬೆಳ್ಳಿಚುಕ್ಕಿ

ಹೆಚ್ಚಿನ ಕಡೆ ತಾರೀಖು ಸರಿ ಕಾಣುತ್ತದೆ, ನಿಜ. ಆದರೆ ಯುಟಿಸಿಗಿಂತ 12ರಿಂದ 14 ಗಂಟೆ ಮುಂದಿರುವ ಝೋನ್‌ಗಳೂ ಇವೆ. ನ್ಯೂಜಿಲೆಂಡ್‌ನವರಿಗೆ ಆ ಮಧ್ಯಾಹ್ನ ಆಗಲೇ 15ನೇ ತಾರೀಖು. ಅದಕ್ಕಿಂತ ದೊಡ್ಡ ತೊಡಕು ಕೆಂಪಿನದು: ಪ್ರಶ್ನೆ ಕೇಳಿದವರಿಗೆ 14ರ ಸಂಜೆ 5:30ಕ್ಕೆ ಗಡುವು ಮೀರುತ್ತದೆ, ನ್ಯೂಯಾರ್ಕ್‌ನವರಿಗೆ 14ರ ಬೆಳಗ್ಗೆ 8ಕ್ಕೆ. 23:59:59 ಹಾಕುವವರೂ ಇದ್ದಾರೆ. ಅದು ಯುಟಿಸಿಯಲ್ಲಾದರೆ ಕೇಳಿದವರ ಪರದೆಯಲ್ಲಿ 15 ಅಂತ ಕಾಣುತ್ತದೆ. ಯಾವ ಗಂಟೆ ಆರಿಸಿದರೂ ದಿನವನ್ನು ಕ್ಷಣವಾಗಿ ಬರೆದ ಮೂಲ ತಪ್ಪು ಹಾಗೆಯೇ ಉಳಿಯುತ್ತದೆ.

ಹೊಂಗೆನೆರಳು

ನನ್ನ ಸ್ಪ್ರೆಡ್‌ಶೀಟ್‌ನಲ್ಲೂ ಇದೇ ಸಮಸ್ಯೆ! ಗಡುವಿನ ಕಾಲಂನಲ್ಲಿ ಬರೀ ತಾರೀಖಿದೆ, ಪಕ್ಕದಲ್ಲಿ `=B2<TODAY()`. ಮಧ್ಯಾಹ್ನದ ಹೊತ್ತಿಗೆ ಇವತ್ತಿನದೆಲ್ಲ ಕೆಂಪಾಗುತ್ತದೆ. ಹಾಗಾದರೆ ನಾನೂ ಯುಟಿಸಿ ತೆಗೆಯಬೇಕಾ?

ಕಡಲತಡಿ

ನಿಮ್ಮದು ಬೇರೆ ಕಾಯಿಲೆ. ನಿಮ್ಮ ಸೆಲ್‌ನಲ್ಲಿ ಇರುವುದು ತಾರೀಖೇ, ಅದು ಸರಿ ಇದೆ. ತಪ್ಪಿರುವುದು ಬಹುಶಃ "ಇವತ್ತು" ಎಂಬುದು. ಗೂಗಲ್ ಶೀಟ್ಸ್ ಆದರೆ ಪ್ರತಿ ಫೈಲಿಗೂ ತನ್ನದೇ ಟೈಮ್ ಝೋನ್ ಇರುತ್ತದೆ, `TODAY()` ಅದನ್ನೇ ನಂಬುತ್ತದೆ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ನೋಡಿ. ನಿಮಗಿಂತ ಮುಂದಿರುವ ಝೋನ್‌ನ ಫೈಲನ್ನು ಯಾರಾದರೂ ನಕಲು ಮಾಡಿಕೊಟ್ಟಿದ್ದರೆ, ನಿಮ್ಮ ಮಧ್ಯಾಹ್ನಕ್ಕೇ ಅದಕ್ಕೆ ನಾಳೆ ಹುಟ್ಟಿರುತ್ತದೆ.

ಮೂಲ ಪ್ರಶ್ನೆಗೆ ಬರುತ್ತೇನೆ. ಸರಿಪಡಿಸುವ ಕೆಲಸ ಡೇಟಾಬೇಸ್‌ನಿಂದ ಶುರುವಾಗಬೇಕು. ಪೋಸ್ಟ್‌ಗ್ರೆಸ್ ಆದರೆ ಗಡುವಿಗೆ `date` ಜಾತಿಯ ಹೊಸ ಕಾಲಂ ಮಾಡಿ, `timestamptz` ಬೇಡ. ಹೆಸರಿನಲ್ಲಿ ಝೋನ್ ಇದ್ದರೂ `timestamptz` ಝೋನನ್ನು ಉಳಿಸಿಕೊಳ್ಳುವುದಿಲ್ಲ, ಬಂದದ್ದನ್ನು ಯುಟಿಸಿಗೆ ತಿರುಗಿಸಿ ಇಟ್ಟುಕೊಳ್ಳುತ್ತದೆ ಅಷ್ಟೇ. ಆಮೇಲೆ ಹೋಲಿಕೆ ಹೀಗಿರಲಿ:

```sql
due_on < (now() AT TIME ZONE u.tz)::date
```

ಎಡಗಡೆ ತಾರೀಖು, ಬಲಗಡೆಯೂ ತಾರೀಖು. `u.tz`ನಲ್ಲಿ `America/New_York` ಥರದ ಪೂರ್ತಿ ಹೆಸರು ಇರಬೇಕು. ಬರೀ ಗಂಟೆಗಳ ಅಂತರ ಇಟ್ಟರೆ ಮಾರ್ಚ್‌ನಲ್ಲಿ ಗಡಿಯಾರ ಬದಲಾದಾಗ ಒಂದು ಗಂಟೆ ತಪ್ಪುತ್ತದೆ. ಚಿಹ್ನೆ `<` ಇರಲಿ, `<=` ಬೇಡ. `<=` ಹಾಕಿದರೆ 14ರ ಗಡುವು 14 ಹುಟ್ಟುತ್ತಲೇ ಕೆಂಪಾಗುತ್ತದೆ, ಮತ್ತೆ ಟೈಮ್ ಝೋನ್ ಮೇಲೆ ಅನುಮಾನ ಬರುತ್ತದೆ.

ಕಾಲಂ ಬದಲಿಸಿದ ಮೇಲೂ ಒಂದು ಗುಂಡಿ ಇದೆ, ಅಲ್ಲಿ ಬೀಳುವವರು ಬಹಳ. ನೋಡ್‌ನ `pg` ಡ್ರೈವರ್ `date` ಕಾಲಂ ಓದಿ, ಅದು ಓಡುತ್ತಿರುವ ಯಂತ್ರದ ಸ್ಥಳೀಯ ನಡುರಾತ್ರಿಯ `Date` ಮಾಡಿ ಕೊಡುತ್ತದೆ. ಅದು ಜೇಸನ್ ಆಗುವಾಗ ಯುಟಿಸಿಗೆ ತಿರುಗುತ್ತದೆ. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ ಏನೂ ಗೊತ್ತಾಗುವುದಿಲ್ಲ. ಐದೂವರೆ ಗಂಟೆ ಮುಂದಿರುವ ಲ್ಯಾಪ್‌ಟಾಪ್‌ನಲ್ಲಿ ಅದೇ ಕೋಡ್ ಓಡಿಸಿದರೆ `2025-03-13T18:30:00.000Z` ಹೊರಬರುತ್ತದೆ. ಮುಂದೆ ಯಾರಾದರೂ ಅದರ ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡರೆ 13 ಖಾಯಂ. ತಾರೀಖು ಪಠ್ಯವಾಗಿಯೇ ಉಳಿಯಲು ಈ ಒಂದು ಸಾಲು ಸಾಕು:

```js
require('pg').types.setTypeParser(1082, v => v)
```

1082 ಎಂಬುದು ಪೋಸ್ಟ್‌ಗ್ರೆಸ್‌ನಲ್ಲಿ `date` ಜಾತಿಯ ಸಂಖ್ಯೆ. ಬ್ರೌಸರ್‌ನಲ್ಲೂ ಗಡುವನ್ನು `new Date()` ಒಳಗೆ ಹಾಕಬೇಡಿ. ವರ್ಷ-ತಿಂಗಳು-ದಿನ ಕ್ರಮದ ಪಠ್ಯಗಳನ್ನು ಹಾಗೆಯೇ ಹೋಲಿಸಿದರೂ ಹಿಂದೆ ಮುಂದೆ ಸರಿಯಾಗಿ ಬರುತ್ತದೆ.

ಕೇಳಿದವರು

ಹಳೆಯ ಸಾವಿರಾರು ಟಾಸ್ಕ್‌ಗಳ ಕಥೆ ಏನು? ಎಲ್ಲದಕ್ಕೂ ಒಂದು ದಿನ ಸೇರಿಸಿಬಿಡಲೇ?

ಕಡಲತಡಿ

ಬೇಡ, ಸರಿ ಇರುವವೂ ಕೆಡುತ್ತವೆ. ಮೊದಲು ಉಳಿದಿರುವ ಗಂಟೆಗಳನ್ನು ಎಣಿಸಿ:

```sql
SELECT (due_at AT TIME ZONE 'UTC')::time AS t, count(*)
FROM tasks GROUP BY t ORDER BY 2 DESC;
```

00:00 ಬಂದ ಸಾಲುಗಳು ಪಠ್ಯದಿಂದ ನೇರ ಯುಟಿಸಿ ನಡುರಾತ್ರಿಯಾದವು, ಅವುಗಳ ಯುಟಿಸಿ ತಾರೀಖೇ ಬಳಕೆದಾರರು ಆರಿಸಿದ ತಾರೀಖು. 18:30 ಇದ್ದವು ನಿಮ್ಮ ಕಡೆಯ ಬ್ರೌಸರ್‌ನ ಸ್ಥಳೀಯ ನಡುರಾತ್ರಿಯಿಂದ ಬಂದವು. ಅವನ್ನು ನಿಮ್ಮ ಝೋನ್‌ಗೆ ತಿರುಗಿಸಿಯೇ ತಾರೀಖು ತೆಗೆಯಬೇಕು, ಇಲ್ಲದಿದ್ದರೆ ಹಿಂದಿನ ದಿನ ಬರುತ್ತದೆ. 04:00 ಮತ್ತು 05:00 ಇದ್ದರೆ ನ್ಯೂಯಾರ್ಕ್‌ನವು ಇರಬಹುದು, ಬೇಸಿಗೆಯದೊಂದು, ಚಳಿಗಾಲದ್ದೊಂದು. ಆದರೆ ಆ ಗಂಟೆ ಬೇರೆ ಝೋನ್‌ಗಳಿಗೂ ಹೊಂದುವುದರಿಂದ ಟಾಸ್ಕ್ ಮಾಡಿದವರ ಪ್ರೊಫೈಲ್ ನೋಡಿಯೇ ನಿರ್ಧರಿಸಿ. ಹಳೆಯ ಕಾಲಂ ಅಳಿಸುವ ಆತುರ ಬೇಡ.

ಕೇಳಿದವರು

ಓಡಿಸಿದೆ. 00:00, 18:30 ಎರಡೂ ಇವೆ! ಟೈಪ್ ಮಾಡುವ ಪೆಟ್ಟಿಗೆ ಒಂದು ಥರ, ಕ್ಯಾಲೆಂಡರ್‌ನಲ್ಲಿ ಒತ್ತುವುದು ಇನ್ನೊಂದು ಥರ ಉಳಿಸುತ್ತಿದೆ ಅನಿಸುತ್ತದೆ. 18:29:59 ಇರುವ ಒಂದು ಸಣ್ಣ ಗುಂಪೂ ಇದೆ.

ಬೆಳ್ಳಿಚುಕ್ಕಿ

18:29:59 ನಿಮ್ಮ ಕಡೆಯ 23:59:59. ಯಾರೋ ದಿನದ ಕೊನೆಯ ಕ್ಷಣ ಎಂದು ಉದ್ದೇಶಪಟ್ಟೇ ಬರೆದಿದ್ದಾರೆ. ನಿಮ್ಮ ಝೋನ್‌ಗೆ ತಿರುಗಿಸಿದರೆ ತಾರೀಖು ಸರಿ ಬರುತ್ತದೆ. ಹೊರಗಿನ ಸೇವೆಗಳಿಗೆ ಗಡುವು ಕಳಿಸುತ್ತಿದ್ದರೆ 18:30ರ ಗುಂಪನ್ನು ವಿಶೇಷವಾಗಿ ನೋಡಿಕೊಳ್ಳಿ. ಗೂಗಲ್ ಟಾಸ್ಕ್ಸ್‌ನ ಎಪಿಐ `due` ಎಂಬಲ್ಲಿ ಪೂರ್ತಿ ಸಮಯ ಕೇಳಿದರೂ ತಾರೀಖನ್ನಷ್ಟೇ ಇಟ್ಟುಕೊಂಡು ಗಂಟೆಯನ್ನು ಬಿಟ್ಟುಬಿಡುತ್ತದೆ. ಅದಕ್ಕೆ `2025-03-13T18:30:00Z` ಕಳಿಸಿದರೆ ನೀವು ಹೇಳಿದ್ದು 13 ಎಂದಾಗುತ್ತದೆ. `2025-03-14T00:00:00Z` ಎಂದೇ ಕಳಿಸಬೇಕು.

ದಾರಿಹೋಕ

ಒಂದು ಅನುಮಾನ ಉಳಿಯಿತು. ಕಡಲತಡಿಯವರ ಹೋಲಿಕೆಯಲ್ಲಿ "ಇವತ್ತು" ಯಾರದು? ನೋಡುವವರದಾದರೆ ಒಂದೇ ಟಾಸ್ಕ್ ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ಅಲ್ಲ. ವರದಿಯ ಲೆಕ್ಕವೂ ಒಬ್ಬೊಬ್ಬರಿಗೆ ಒಂದೊಂದು.

ಕಡಲತಡಿ

ನಾನು ಕೆಲಸ ವಹಿಸಿಕೊಂಡವರ ಝೋನ್ ಎನ್ನುತ್ತೇನೆ. ಅವರ 14 ಮುಗಿಯುವ ತನಕ ಅವರಿಗೆ ಹೊತ್ತಿದೆ, ನೋಡುವವರು ಎಲ್ಲಿದ್ದರೂ ಬಣ್ಣ ಒಂದೇ ಇರಬೇಕು. ರೆಡ್‌ಮೈನ್ ನೋಡುವವರ ಝೋನ್‌ನ ಇವತ್ತಿಗೆ ಹೋಲಿಸುತ್ತದೆ, ಅದನ್ನೂ ತಪ್ಪು ಎನ್ನಲಾರೆ.

ಬೆಳ್ಳಿಚುಕ್ಕಿ

ನಾನು ಪ್ರಾಜೆಕ್ಟ್‌ಗೆ ಒಂದೇ ಝೋನ್ ಎನ್ನುವ ಕಡೆ. ಟಾಸ್ಕ್ ಕೈ ಬದಲಾದಾಗ ಗಡುವು ಒಂಬತ್ತೂವರೆ ಗಂಟೆ ಅತ್ತಿತ್ತ ಹೋಗಬಾರದು. ಪ್ರಬಂಧ ಸಲ್ಲಿಸುವ ಹಲವು ಸಮ್ಮೇಳನಗಳು ಯುಟಿಸಿಗಿಂತ 12 ಗಂಟೆ ಹಿಂದಿನ ಝೋನ್ ಹಿಡಿಯುತ್ತವೆ, ಭೂಮಿಯ ಮೇಲೆ ಎಲ್ಲೇ ಆಗಲಿ ಇನ್ನೂ ಆ ತಾರೀಖು ಇದ್ದರೆ ಗಡುವು ಮೀರಿಲ್ಲ ಅಂತ ಲೆಕ್ಕ. ಅದನ್ನು ಕೋಡ್‌ನಲ್ಲಿ ಬರೆಯುವಾಗ ಹೆಸರು `Etc/GMT+12`. ಆ ಹೆಸರುಗಳಲ್ಲಿ ಚಿಹ್ನೆ ತಿರುಗುಮುರುಗಾಗಿದೆ, `-12` ಬರೆದರೆ ಪೂರ್ತಿ 24 ಗಂಟೆ ಮೊದಲೇ ಕೆಂಪಾಗುತ್ತದೆ.

ಕೇಳಿದವರು

ತಂಡದಲ್ಲೂ ಇದೇ ಎರಡು ಅಭಿಪ್ರಾಯ ಇದೆ, ಸೋಮವಾರ ಕೂತು ಮಾತಾಡುತ್ತೇವೆ. ಅಷ್ಟರಲ್ಲಿ `due_on` ಕಾಲಂ ಸೇರಿಸಿ, 00:00ರ ಗುಂಪನ್ನು ಮೊದಲು ಸಾಗಿಸುತ್ತಿದ್ದೇನೆ.