ಅಪ್‌ಡೇಟ್: ಎರಡು ಗೆರೆಗಳೂ ಒಟ್ಟಿಗೆ ಜಿಗಿದ ಸಮತೋಲನದ ಗ್ರಾಫ್

ನನ್ನ ಪ್ರಶ್ನೆ: "N₂O₄ ⇌ 2NO₂ ಗ್ರಾಫ್‌ನಲ್ಲಿ ಒಂದೇ ಕ್ಷಣದಲ್ಲಿ ಎರಡೂ ಅನಿಲಗಳ ಸಾರತೆ ನೇರವಾಗಿ ಮೇಲಕ್ಕೆ ಏರಿದೆ. ಆಗ ಏನು ಬದಲಾಯಿಸಿದ್ದಾರೆ? NO₂ ಕೊನೆಗೂ ಮೊದಲಿಗಿಂತ ಹೆಚ್ಚೇ ಉಳಿದಿರುವುದೇಕೆ?"

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಬೆಂಗಳೂರಿನ ನಮ್ಮ ಪಿಯು ಕಾಲೇಜಿನ ರಸಾಯನಶಾಸ್ತ್ರದ ಮೇಡಂ ಅವರೊಂದಿಗೆ ಕುಳಿತು ಲೆಕ್ಕವನ್ನು ಪೂರ್ಣಗೊಳಿಸಿದ್ದೇನೆ.

ಎರಡು ಗೆರೆಗಳೂ ಅದೇ ಕ್ಷಣದಲ್ಲಿ ಸರಿಯಾಗಿ ಇಮ್ಮಡಿಯಾಗಿರುವುದರಿಂದ, ಪಾತ್ರೆಯ ಗಾತ್ರವನ್ನು ಅರ್ಧಕ್ಕೆ ಇಳಿಸಲಾಗಿದೆ ಎಂದು ತಿಳಿಯಬೇಕು. ಒಂದು ಅನಿಲವನ್ನಷ್ಟೇ ಸೇರಿಸಿದ್ದರೆ ಅದರ ಗೆರೆ ಮಾತ್ರ ಜಿಗಿಯುತ್ತಿತ್ತು. ಗಾತ್ರ ಬದಲಿಸದೆ ಉಷ್ಣತೆಯನ್ನಷ್ಟೇ ಬದಲಿಸಿದ್ದರೆ ಯಾವ ಗೆರೆಯೂ ಜಿಗಿಯದೆ, ಇದ್ದ ಜಾಗದಿಂದಲೇ ಬಾಗತೊಡಗುತ್ತಿತ್ತು.

ಮೊದಲಿಗೆ NO₂ 0.12, N₂O₄ 0.04 ಮೋಲ್ ಪ್ರತಿ ಲೀಟರ್ ಇದ್ದವು. NO₂ ಸಾರತೆಯ ವರ್ಗವನ್ನು N₂O₄ ಸಾರತೆಯಿಂದ ಭಾಗಿಸಿದರೆ ಸಮತೋಲನ ಸ್ಥಿರಾಂಕ 0.36 ದೊರೆಯುತ್ತದೆ. ಗಾತ್ರ ಅರ್ಧವಾದಾಗ ಅವು 0.24 ಮತ್ತು 0.08 ಆಗುತ್ತವೆ. ಆಗ ಅದೇ ಅನುಪಾತ 0.72ಕ್ಕೆ ಏರುವುದರಿಂದ, ಅದು 0.36ಕ್ಕೆ ಮರಳುವವರೆಗೆ ಕ್ರಿಯೆ N₂O₄ ಕಡೆಗೆ ಸಾಗುತ್ತದೆ. ವರ್ಗಸಮೀಕರಣ ಬಿಡಿಸಿದಾಗ NO₂ ಸುಮಾರು 0.193ರಲ್ಲಿ, N₂O₄ ಸುಮಾರು 0.103ರಲ್ಲಿ ನಿಂತವು. NO₂ ಇಳಿದದ್ದು 0.047, N₂O₄ ಏರಿದ್ದು ಅದರ ಅರ್ಧದಷ್ಟು. ಗ್ರಾಫ್‌ನ ಬಾಗಿದ ಭಾಗದಲ್ಲೂ ಇದೇ 2:1 ಪ್ರಮಾಣ ಕಾಣುತ್ತದೆ.

ನನ್ನನ್ನು ಬಹಳ ಕಾಡಿದ್ದ ಎರಡನೆಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. NO₂ ಅಣುಗಳ ಒಟ್ಟು ಸಂಖ್ಯೆ ಮೊದಲಿಗಿಂತ ಕಡಿಮೆಯಾಗಿದ್ದರೂ ಅವು ಅರ್ಧ ಜಾಗದಲ್ಲಿ ಇರುವುದರಿಂದ ಸಾರತೆ 0.12ಕ್ಕಿಂತ ಮೇಲೆಯೇ ಉಳಿಯುತ್ತದೆ. ಸಮತೋಲನದ ಪಲ್ಲಟವು ಒತ್ತಡದ ಪರಿಣಾಮವನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ.